ಹೊಳೆಗಿಳಿಯುವ ಮೊದಲು ಶೂಗೆ ಬಕೆಟ್ ಪರೀಕ್ಷೆ

ಹಳ್ಳ ದಾಟಲು ವಾಟರ್‌ಪ್ರೂಫ್ ಶೂ ಹಾಕಿಕೊಂಡು ಹೋಗುವವರು ತುಂಬಾ ಜನ. ನೀರು ಪಾದದ ಮಟ್ಟದಲ್ಲಿ ಇರುವವರೆಗೂ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಕಣಕಾಲು ದಾಟಿತೋ, ನೀರು ಮೇಲಿನಿಂದ ಒಳಗೆ ಇಳಿಯುತ್ತದೆ. ಹೊರಗಿನ ನೀರನ್ನು ತಡೆಯಲು ಹಾಕಿದ ಪದರವೇ ಈಗ ಒಳಗಿನ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಲ್ಲಿಂದ ಮುಂದೆ ದಿನವಿಡೀ ಎರಡು ನೀರಿನ ಚೀಲ ಹೊತ್ತು ನಡೆದ ಹಾಗೆ.

ವಾಟರ್ ಶೂ ಮಾಡುವುದು ಇದಕ್ಕೆ ಉಲ್ಟಾ. ನೀರು ಒಳಗೆ ಬರಲಿ ಎಂದು ಬಿಟ್ಟುಬಿಡುತ್ತದೆ, ಬಂದಷ್ಟೇ ಬೇಗ ಹೊರಗೆ ಕಳಿಸುತ್ತದೆ. ಮುಳ್ಳೋಡಿ ಕಡೆಯಿಂದ ಕುದುರೆಮುಖ ಹತ್ತುವಾಗ ದಾರಿಗೆ ಅಡ್ಡ ಬರುವ ಹಳ್ಳಗಳಿರಲಿ, ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರಿಸ್ ದ್ವೀಪದ ಕಂಬಗಲ್ಲುಗಳಿರಲಿ, ಬೇಕಾಗುವುದು ಇಂಥ ಶೂ. ಆದರೆ ಅಂಗಡಿಯಲ್ಲಿ ವಾಟರ್ ಶೂ ಅಂತ ಮಾರುವುದೆಲ್ಲ ಈ ಕೆಲಸಕ್ಕೆ ಬರುವುದಿಲ್ಲ. ಕಾಲುಚೀಲಕ್ಕೆ ತೆಳು ರಬ್ಬರ್ ಅಂಟಿಸಿದಂಥವು ಈಜುಕೊಳದ ಅಂಚಿಗೆ ಸಾಕು. ಹೊಳೆಯ ಉರುಟು ಕಲ್ಲಿನ ಮೇಲೆ ಒಂದೊಂದು ಕಲ್ಲೂ ಅಂಗಾಲಿಗೆ ಚುಚ್ಚುತ್ತದೆ. ಸ್ಯಾಂಡಲ್ ಬೇಗ ಒಣಗುತ್ತದೆ, ನಿಜ. ಆದರೆ ಪಾದದಡಿಗೆ ಜಲ್ಲಿ ಸೇರಿಕೊಳ್ಳುತ್ತದೆ, ಕಾಣದ ಕಲ್ಲಿಗೆ ಹೆಬ್ಬೆರಳು ಬಡಿಯುತ್ತದೆ. ಹೊಳೆಗಾದರೆ ಬೆರಳು ಮುಚ್ಚುವಂಥದ್ದೇ ತೆಗೆದುಕೊಳ್ಳಿ.

ಮೊದಲು ತೂತು ಎಲ್ಲಿದೆ ನೋಡಿ

ಶೂ ಕೈಗೆತ್ತಿಕೊಂಡು ಪಕ್ಕದಿಂದ ನೋಡಿ. ಮೇಲ್ಭಾಗದ ಜಾಲರಿ ಬಟ್ಟೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ನೀರು ಹೋಗಬೇಕಾದದ್ದು ಕೆಳಗಿನಿಂದ. ಅಟ್ಟೆಯ ಪಕ್ಕದಲ್ಲಿ, ಪಾದ ಕೂರುವ ಮಟ್ಟದಲ್ಲೇ ತೂತುಗಳಿರಬೇಕು. ಮುಂಗಾಲಿನ ಹತ್ತಿರ ಇದ್ದರೆ ಸಾಲದು, ಹಿಮ್ಮಡಿಯ ಹತ್ತಿರವೂ ಬೇಕು. ಎಷ್ಟೋ ಶೂಗಳಲ್ಲಿ ಹಿಮ್ಮಡಿಯ ಭಾಗ ಬಟ್ಟಲಿನಂತೆ ತಗ್ಗಾಗಿರುತ್ತದೆ. ತೂತು ಮುಂದೆ ಮಾತ್ರ ಇದ್ದರೆ ಆ ಬಟ್ಟಲಲ್ಲಿ ನೀರು ನಿಂತೇ ಇರುತ್ತದೆ.

ಈಗ ಒಳಗಿನ ಇನ್‌ಸೋಲ್ ಎತ್ತಿ ನೋಡಿ. ಕೆಳಗೆ ತೂತಿದ್ದು, ಅದರ ಮೇಲೆ ತೂತಿಲ್ಲದ ಇನ್‌ಸೋಲ್ ಹಾಸಿದ್ದರೆ ಬಚ್ಚಲ ಜಾಲರಿಯ ಮೇಲೆ ಚಾಪೆ ಹಾಸಿದಂತೆ. ಎರಡೂ ಕಡೆ ತೂತು ಒಂದರ ಮೇಲೊಂದು ಬರಬೇಕು. ಇನ್‌ಸೋಲ್ ಬಿಡಿಸಿ ತೆಗೆಯಲು ಬರಬೇಕು. ಅಂಟಿಸಿಬಿಟ್ಟಿದ್ದರೆ ಆ ಶೂ ಬೇಡ. ಯಾಕೆಂದು ಒಣಗಿಸುವ ಮಾತು ಬಂದಾಗ ಗೊತ್ತಾಗುತ್ತದೆ.

ತೂತು ದೊಡ್ಡದಿದ್ದಷ್ಟೂ ಒಳ್ಳೆಯದು ಅಂತಲ್ಲ. ನೀರು ಹೋಗುವ ದಾರಿಯಲ್ಲೇ ಮರಳು, ಜಲ್ಲಿ ಒಳಗೆ ಬರುತ್ತವೆ. ಹೊಳೆಗೆ ಹೋಗುವವರಿಗೆ ತೂತು ಸ್ವಲ್ಪ ದೊಡ್ಡದಿದ್ದರೂ ನಡೆಯುತ್ತದೆ. ಕಡಲತೀರಕ್ಕಾದರೆ ತೂತಿನ ಮೇಲೆ ಒತ್ತಾದ ಜಾಲರಿ ಇರಲಿ. ಮರಳು ತುಂಬಿದರೆ ಪಟ್ಟಿಗಳಲ್ಲಿರುವ ವೆಲ್ಕ್ರೋ ಹಿಡಿತವನ್ನೂ ಬಿಡುತ್ತದೆ. ಎಳೆದು ಬಿಗಿಮಾಡುವ ದಾರ ಮತ್ತು ಲಾಕ್ ಇರುವುದು ವಾಸಿ.

ಮನೆಗೆ ತಂದ ಮೇಲೆ, ಬದಲಾಯಿಸಿಕೊಳ್ಳುವ ಅವಕಾಶ ಇದ್ದರೆ ಅಂಗಡಿಯವರನ್ನು ಮೊದಲೇ ಕೇಳಿಕೊಂಡು, ಬಕೆಟ್ ಪರೀಕ್ಷೆ ಮಾಡಿ. ಅಡುಗೆಮನೆಯ ತಕ್ಕಡಿಯಲ್ಲಿ ಒಂದು ಶೂ ತೂಗಿ. ನೀರಿನಲ್ಲಿ ಪೂರ್ತಿ ಮುಳುಗಿಸಿ ಐದು ನಿಮಿಷ ಬಿಡಿ. ಎತ್ತಿ, ನೆಲಕ್ಕೆ ಸಮವಾಗಿ, ಅಂದರೆ ಕಾಲಲ್ಲಿ ಇದ್ದ ಹಾಗೆ ಹಿಡಿಯಿರಿ. ಓರೆ ಮಾಡಬೇಡಿ, ಅದು ಮೋಸವಾದೀತು. ಜೋರಾಗಿ ಸುರಿಯುವುದು ಹತ್ತು ಸೆಕೆಂಡಿನೊಳಗೆ ನಿಂತರೆ ದಾರಿ ಚೆನ್ನಾಗಿದೆ ಅಂತ. ಆಮೇಲೆ ಒಳಗೆ ಬೆರಳಿಟ್ಟು ಹಿಮ್ಮಡಿಯಲ್ಲಿ ನೀರು ನಿಂತಿದೆಯಾ ನೋಡಿ. ಒಂದು ನಿಮಿಷ ಬಿಟ್ಟು ಮತ್ತೆ ತೂಗಿ.

ಈ ಎರಡನೇ ತೂಕದಲ್ಲೇ ಇರುವುದು ಗುಟ್ಟು. ಒಣಗಿದಾಗ 260 ಗ್ರಾಂ ಇದ್ದ ಶೂ ಈಗ 330 ತೂಗಿದರೆ, 70 ಗ್ರಾಂ ನೀರು ಬಟ್ಟೆ, ದಾರ, ಸ್ಪಂಜಿನಲ್ಲಿ ಉಳಿದಿದೆ. ಅದು ಪರವಾಗಿಲ್ಲ. ಅದೇ 450 ತೂಗಿದರೆ ತೂತು ಎಷ್ಟಿದ್ದರೂ ದಂಡ. ನೀರು ಸುರಿದು ಹೋಗಿದೆ, ಆದರೆ ಒಳಗಿನ ಸ್ಪಂಜು ಕುಡಿದು ಕೂತಿದೆ. ನೀರು ಹರಿದುಹೋಗುವುದೇ ಬೇರೆ, ನೀರು ಹೀರಿಕೊಳ್ಳುವುದೇ ಬೇರೆ. ಅಂಗಡಿಯವರು ಹೇಳುವುದು ಮೊದಲನೆಯದನ್ನು ಮಾತ್ರ.

ಹಿಡಿತ: ಅಟ್ಟೆಗೆ ಉಗುರು ಒತ್ತಿ

ಟ್ರೆಕ್ಕಿಂಗ್ ಶೂನ ದೊಡ್ಡ ದೊಡ್ಡ ಹಲ್ಲುಗಳು ಕೆಸರಿಗೆ ಹೇಳಿ ಮಾಡಿಸಿದವು. ಒದ್ದೆ ಬಂಡೆಯ ಮೇಲೆ ಅದೇ ಹಲ್ಲು ಕೈಕೊಡುತ್ತದೆ. ನುಣುಪು ಕಲ್ಲಿಗೆ ಆ ಹಲ್ಲುಗಳ ತುದಿಯಷ್ಟೇ ತಾಗುತ್ತದೆ, ಉಳಿದದ್ದು ಗಾಳಿಯಲ್ಲಿ. ಬಂಡೆಯ ಮೇಲೆ ತೆಳ್ಳಗೆ ನೀರಿನ ಪದರ ಇರುತ್ತದೆ. ಕಾಲಿಟ್ಟ ಕ್ಷಣದಲ್ಲೇ ಅಟ್ಟೆ ಆ ನೀರನ್ನು ಪಕ್ಕಕ್ಕೆ ತಳ್ಳಿ ಕಲ್ಲನ್ನು ಮುಟ್ಟಬೇಕು. ಅದಾಗದಿದ್ದರೆ ನೀವು ನಿಂತಿರುವುದು ಕಲ್ಲಿನ ಮೇಲಲ್ಲ, ನೀರಿನ ಮೇಲೆ.

ಇದಕ್ಕೆ ಬೇಕಾದದ್ದು ಎರಡು. ಒಂದು, ಅಟ್ಟೆಯಲ್ಲಿ ಬ್ಲೇಡಿನಿಂದ ಕುಯ್ದಂಥ ಸಣ್ಣ ಸಣ್ಣ ಸೀಳುಗಳು. ನೀರು ಸೀಳಿನೊಳಗೆ ಹೋಗುತ್ತದೆ, ಸೀಳಿನ ಅಂಚು ಕಲ್ಲನ್ನು ಕಚ್ಚುತ್ತದೆ. 1935ರಲ್ಲಿ ಅಮೆರಿಕದ ಪಾಲ್ ಸ್ಪೆರಿ ಎಂಬುವರು ದೋಣಿಯ ಒದ್ದೆ ಹಲಗೆಯ ಮೇಲೆ ಜಾರದ ಶೂ ಮಾಡಿದ್ದು ಹೀಗೆಯೇ. ತಮ್ಮ ನಾಯಿ ಮಂಜುಗಡ್ಡೆಯ ಮೇಲೆ ಜಾರದೆ ಓಡುವುದನ್ನು ಕಂಡು ಅದರ ಪಾದ ತಿರುಗಿಸಿ ನೋಡಿದರಂತೆ. ಅಲ್ಲಿದ್ದ ಗೆರೆಗಳನ್ನೇ ರಬ್ಬರ್ ಮೇಲೆ ಕುಯ್ದರು.

ಎರಡನೆಯದು ಮೆತ್ತನೆಯ ರಬ್ಬರ್. ಅಟ್ಟೆಗೆ ಹೆಬ್ಬೆರಳಿನ ಉಗುರು ಒತ್ತಿ. ಸಣ್ಣ ಗುರುತು ಬಿದ್ದು, ಮರುಕ್ಷಣ ಮಾಯವಾದರೆ ಒಳ್ಳೆಯದು. ಉಗುರು ಜಾರಿದರೆ, ಅಟ್ಟೆ ಪ್ಲಾಸ್ಟಿಕ್ಕಿನಂತೆ ಹೊಳೆಯುತ್ತಿದ್ದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ. ಇಡೀ ಶೂ ಒಂದೇ ಹಗುರ ಫೋಮಿನಲ್ಲಿ ಅಚ್ಚು ಹಾಕಿದ್ದು, ಕೆಳಗೆ ಬೇರೆ ರಬ್ಬರ್ ಪದರ ಇಲ್ಲದಿದ್ದರೂ ಅನುಮಾನ ಪಡಿ. ಮೆತ್ತನೆ ರಬ್ಬರ್ ಬೇಗ ಸವೆಯುತ್ತದೆ ಎನ್ನುವುದು ನಿಜ. ಅದಕ್ಕೇ ಇದನ್ನು ದಿನಾ ಪೇಟೆಗೆ ಹಾಕಿಕೊಂಡು ತಿರುಗಬಾರದು.

ಮನೆಯ ಹಿಂದೆ ಬಟ್ಟೆ ಒಗೆಯುವ ಕಲ್ಲು ಇದೆಯಾ? ಅದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಸೋಪು ಚೆನ್ನಾಗಿ ತೊಳೆದು, ಕಲ್ಲು ಒದ್ದೆ ಇರುವಾಗ ಶೂ ಕೈಯಲ್ಲಿ ಹಿಡಿದು ಅದರ ಮೇಲೆ ಒತ್ತಿ ಮುಂದಕ್ಕೆ ನೂಕಿ. ಪಕ್ಕದಲ್ಲೇ ನಿಮ್ಮ ಹವಾಯಿ ಚಪ್ಪಲಿಯನ್ನೂ ಅದೇ ರೀತಿ ನೂಕಿ. ವ್ಯತ್ಯಾಸ ಕೈಗೇ ತಿಳಿಯುತ್ತದೆ. ಒಳ್ಳೆಯ ಅಟ್ಟೆ ತಡೆದು ತಡೆದು ಸರಿಯುತ್ತದೆ, ಕೆಟ್ಟದ್ದು ಒಂದೇ ಸಮ ಜಾರಿಕೊಂಡು ಹೋಗುತ್ತದೆ. ಕಾಲಿಗೆ ಹಾಕಿಕೊಂಡು ಕಲ್ಲು ಹತ್ತುವ ಸಾಹಸ ಬೇಡ.

ಈಗ ಅದೇ ಕಲ್ಲಿನ ಪಾಚಿ ಕಟ್ಟಿದ ಮೂಲೆಯಲ್ಲಿ ನೂಕಿ ನೋಡಿ. ಎರಡೂ ಜಾರುತ್ತವೆ, ಅಲ್ವಾ? ಪಾಚಿಯ ಮೇಲೆ ನಂಬಿ ಕಾಲಿಡುವಂಥ ರಬ್ಬರ್ ಯಾವುದೂ ಇಲ್ಲ. ಅಟ್ಟೆ ಹಿಡಿಯುವುದು ಪಾಚಿಯನ್ನು, ಪಾಚಿ ಕಿತ್ತು ಬರುತ್ತದೆ. ಅದಕ್ಕೆ ಮೀನು ಹಿಡಿಯುವವರು ಹಿಂದೆ ಉಣ್ಣೆಯ ಫೆಲ್ಟ್ ಅಂಟಿಸಿದ ಅಟ್ಟೆ ಬಳಸುತ್ತಿದ್ದರು. ಅದು ಪಾಚಿಯಲ್ಲೂ ತಕ್ಕಮಟ್ಟಿಗೆ ನಿಲ್ಲುತ್ತದೆ. ಆದರೆ ಒಂದು ಹೊಳೆಯ ಪಾಚಿಯನ್ನು ಇನ್ನೊಂದಕ್ಕೆ ಹೊತ್ತೊಯ್ಯುತ್ತದೆಂದು ನ್ಯೂಜಿಲೆಂಡ್ 2008ರಲ್ಲಿ ಅದನ್ನು ನಿಷೇಧಿಸಿತು.

ಹಾಗಾಗಿ ಪಾಚಿಯ ಕಡೆ ಶೂ ಅಲ್ಲ, ಕಣ್ಣು ಕೆಲಸ ಮಾಡಬೇಕು. ಹೊಳೆಯಲ್ಲಿ ಕಲ್ಲಿನ ನೆತ್ತಿಯ ಮೇಲೆ ಹಾರಿ ಹಾರಿ ಹೋಗುವ ಬದಲು ಕಲ್ಲುಗಳ ನಡುವಿನ ಮರಳು, ಜಲ್ಲಿಯ ಮೇಲೆ ಕಾಲಿಡಿ. ಹೇಗೂ ನೆನೆಯಲೆಂದೇ ಈ ಶೂ ಹಾಕಿದ್ದೀರಿ. ಕಡಲತೀರದ ಬಂಡೆಯಲ್ಲಿ ಹಸಿರು ಹಾಸು ಎದ್ದು ಕಾಣುತ್ತದೆ. ಕಾಣದೆ ಮೋಸ ಮಾಡುವುದು ಅದಕ್ಕೂ ಮೇಲಿರುವ, ಬಂಡೆಯ ಬಣ್ಣದ್ದೇ ಅನ್ನಿಸುವ ಕಪ್ಪು ಲೋಳೆ ಪದರ. ಒಣಗಿದ್ದಾಗ ಏನೂ ಇಲ್ಲ, ಅಲೆ ಬಡಿದು ಹೋದ ಕೂಡಲೇ ಸಿಕ್ಕಾಪಟ್ಟೆ ಜಾರುತ್ತದೆ. ಸಣ್ಣ ಸಣ್ಣ ಚಿಪ್ಪುಗಳು ಅಂಟಿ ಒರಟಾದ ಜಾಗದಲ್ಲಿ ಕಾಲು ನಿಲ್ಲುತ್ತದೆ. ಆದರೆ ಅಲ್ಲಿ ಬಿದ್ದರೆ ಅಂಗೈ ಬ್ಲೇಡಿನಲ್ಲಿ ಗೀರಿದಂತೆ ಕುಯ್ಯುತ್ತದೆ. ಕಲ್ಲಿನ ತೀರಕ್ಕೆ ಹೋಗುವಾಗ ಶೂನ ಪಕ್ಕದಲ್ಲೂ ರಬ್ಬರ್ ಪಟ್ಟಿ ಇರಲಿ ಎನ್ನುವುದು ಇದಕ್ಕೇ. ಬರೀ ಜಾಲರಿಯನ್ನು ಚಿಪ್ಪು ಸೀಳಿ ಹಾಕುತ್ತದೆ.

ಅಳತೆಯ ಬಗ್ಗೆ ಒಂದೇ ಮಾತು. ಒದ್ದೆಯಾದ ಕಾಲು ಶೂ ಒಳಗೇ ಜಾರುತ್ತದೆ. ಆದ್ದರಿಂದ ನೆನೆಸಿದ ಶೂವನ್ನೇ ಹಾಕಿಕೊಂಡು ಮೆಟ್ಟಿಲು ಇಳಿದು ನೋಡಿ. ಹಿಮ್ಮಡಿ ಎದ್ದೇಳಬಾರದು, ಬೆರಳು ಮುಂದೆ ಹೋಗಿ ಒತ್ತಬಾರದು.

ಇನ್ನು, ನೀರು ಮಂಡಿ ಮುಟ್ಟುವಷ್ಟಿದ್ದು ಸೆಳೆತವೂ ಜೋರಾಗಿದ್ದರೆ ಅಟ್ಟೆ ಎಷ್ಟು ಒಳ್ಳೆಯದಿದ್ದರೂ ದಾಟಬೇಡಿ. ಮಳೆಗಾಲದ ಘಟ್ಟದ ಹಳ್ಳ ಮೇಲೆಲ್ಲೋ ಸುರಿದ ಮಳೆಗೆ ಇಲ್ಲಿ ಏಕಾಏಕಿ ಏರುತ್ತದೆ.

ಬೆಳಗಾಗುವುದರೊಳಗೆ ಒಣಗಿಸುವುದು

ಸಂಜೆ ದ್ವೀಪದಿಂದ ಬಂದಿದ್ದೀರಿ, ಬೆಳಿಗ್ಗೆ ಮತ್ತೆ ಹೊರಡಬೇಕು ಅಂದುಕೊಳ್ಳಿ. ಮೊದಲ ಕೆಲಸ ಸಿಹಿನೀರಿನಲ್ಲಿ ತೊಳೆಯುವುದು. ಒಣಗಿಸಬೇಕಾದ ಶೂವನ್ನು ಮತ್ತೆ ನೆನೆಸುವುದಾ ಎನ್ನಬೇಡಿ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಉಪ್ಪುನೀರಿನಲ್ಲಿ ನೆಂದ ಶೂ ಕರಾವಳಿಯ ಗಾಳಿಯಲ್ಲಿ ಒಣಗಿದಂತೆ ಕಂಡರೂ ರಾತ್ರಿ ಮತ್ತೆ ಜಿಗುಟಾಗುತ್ತದೆ. ಹೊಲಿಗೆಯಲ್ಲಿ ಉಳಿದ ಉಪ್ಪಿನ ಹರಳು ಮಾರನೇ ದಿನ ಚರ್ಮವನ್ನೂ ಕೆರೆಯುತ್ತದೆ. ಎರಡು ಸಲ ನೀರು ತುಂಬಿಸಿ ಚೆಲ್ಲಿದರೆ ಸಾಕು, ಮರಳೂ ಹೋಗುತ್ತದೆ.

ಇನ್‌ಸೋಲ್ ಹೊರಗೆ ತೆಗೆದು ಬೇರೆ ಇಡಿ. ಅಂಟಿಸಿದ ಇನ್‌ಸೋಲ್ ಬೇಡ ಎಂದದ್ದು ಇದಕ್ಕೇ. ಅದರ ಅಡಿಯ ತೇವಕ್ಕೆ ಗಾಳಿಯೇ ತಾಗುವುದಿಲ್ಲ, ಎರಡು ದಿನಕ್ಕೆ ವಾಸನೆ ಶುರು. ಶೂವನ್ನು ಹಳೇ ಟವೆಲ್‌ನಲ್ಲಿ ಸುತ್ತಿ ಅದರ ಮೇಲೆ ಹತ್ತಿ ನಿಲ್ಲಿ. ಬಟ್ಟೆಯಲ್ಲಿದ್ದ ನೀರಿನ ದೊಡ್ಡ ಪಾಲು ಟವೆಲ್‌ಗೆ ಬರುತ್ತದೆ. ಆಮೇಲೆ ನ್ಯೂಸ್‌ಪೇಪರ್ ಮುದ್ದೆ ಮಾಡಿ ತುಂಬಿ. ಅರ್ಧ ಗಂಟೆಗೆ ಅದು ನೆನೆದಿರುತ್ತದೆ, ತೆಗೆದು ಹೊಸದು ಹಾಕಿ. ಒದ್ದೆ ಪೇಪರನ್ನು ರಾತ್ರಿಯೆಲ್ಲ ಒಳಗೇ ಬಿಟ್ಟರೆ ಏನೂ ಹಾಕದಿರುವುದಕ್ಕಿಂತ ಕಡೆ. ಮಲಗುವ ಮುನ್ನ ಪೇಪರ್ ತೆಗೆದು, ಹಿಮ್ಮಡಿ ಕೆಳಗೆ ಬರುವಂತೆ ಗೋಡೆಗೆ ಒರಗಿಸಿ ಫ್ಯಾನಿನ ಗಾಳಿಗಿಡಿ. ಒಲೆಯ ಪಕ್ಕ, ಬಿಸಿಲಿಗೆ ನಿಂತ ಕಾರಿನೊಳಗೆ ಬೇಡ. ಅಟ್ಟೆಯ ಗೋಂದು ಬಿಡುತ್ತದೆ.

ಬೆಳಿಗ್ಗೆ ಎಲ್ಲಿ ತೇವ ಉಳಿದಿದೆ ಎಂದು ಒತ್ತಿ ನೋಡಿ. ಜಾಲರಿಯಲ್ಲಿ ಇರುವುದಿಲ್ಲ. ಅದು ಸಾಮಾನ್ಯವಾಗಿ ಪಾಲಿಯೆಸ್ಟರ್, ಎಳೆಯೊಳಗೆ ನೀರು ಇಳಿಯುವುದೇ ಇಲ್ಲ ಎನ್ನಬಹುದು. ಹತ್ತಿಯಾದರೆ ನೀರು ಎಳೆಯೊಳಗೇ ಕೂರುತ್ತದೆ. ತೇವ ಉಳಿಯುವುದು ಕಣಕಾಲಿನ ಸುತ್ತ ಮೆತ್ತೆ ತುಂಬಿದ ಅಂಚಿನಲ್ಲಿ, ನಾಲಿಗೆಯಲ್ಲಿ, ಹಿಮ್ಮಡಿಯ ಹಿಂದೆ. ಅಂಗಡಿಯಲ್ಲಿ ಬೆರಳಿಗೆ ಹಾಯೆನಿಸುವ ದಪ್ಪ ಮೆತ್ತೆಯೇ ಇಲ್ಲಿ ಕೊನೆಗೆ ಒಣಗುವ ಜಾಗ. ಕೊಳ್ಳುವಾಗ ಆ ಅಂಚನ್ನು ಎರಡು ಬೆರಳಲ್ಲಿ ಹಿಚುಕಿ ನೋಡಿ, ತೆಳ್ಳಗಿದ್ದಷ್ಟೂ ನಿಮಗೆ ಲಾಭ.

ಮಲೆನಾಡಿನ ಮಳೆಯಲ್ಲಿ ಇದ್ಯಾವುದೂ ಪೂರ್ತಿ ಫಲ ಕೊಡುವುದಿಲ್ಲ. ಗಾಳಿಯೇ ನೀರಾಗಿರುವಾಗ ಶೂ ಒಣಗುವುದಾದರೂ ಹೇಗೆ? ಅಲ್ಲಿ ಒದ್ದೆ ಶೂವನ್ನೇ ಬೆಳಿಗ್ಗೆ ಹಾಕಿಕೊಳ್ಳಿ. ರಾತ್ರಿ ಮಾತ್ರ ಕಾಲನ್ನು ಒರೆಸಿ, ಬೆರಳ ಸಂದಿ ಒಣಗಿಸಿ, ಒಣ ಕಾಲುಚೀಲದಲ್ಲಿ ಮಲಗಿ. ದಿನವಿಡೀ ನೆಂದು ಬಿಳಿಚಿಕೊಂಡ ಚರ್ಮಕ್ಕೆ ಆ ಬಿಡುವು ಸಿಗದಿದ್ದರೆ ಮರುದಿನ ಸುಲಿಯುತ್ತದೆ. ಹಗಲು ಹತ್ತಿಯ ಕಾಲುಚೀಲ ಬೇಡ, ತೆಳು ನೈಲಾನ್ ಅಥವಾ ಉಣ್ಣೆಯದು ಇರಲಿ. ನೀರು ಹೋಗುವ ತೂತಿನಲ್ಲಿ ಉಂಬಳ ಸಲೀಸಾಗಿ ಒಳಗೆ ಬರುತ್ತದೆ, ಅದಕ್ಕೆ ಮಂಡಿವರೆಗಿನ ಒತ್ತು ನೇಯ್ಗೆಯ ಉಂಬಳದ ಕಾಲುಚೀಲವನ್ನು ಒಳಗೆ ಹಾಕಿಕೊಳ್ಳಬೇಕು. ಶೂ ಕೊಳ್ಳಲು ಹೋಗುವಾಗ ಆ ಕಾಲುಚೀಲವನ್ನೂ ಜೊತೆಗೆ ಒಯ್ದು, ಅದನ್ನು ಹಾಕಿಕೊಂಡೇ ಅಳತೆ ನೋಡಿ.