ನುಡಿಗಟ್ಟೋ ಗಾದೆಯೋ: ಕ್ರಿಯಾಪದವನ್ನು ಬದಲಿಸಿ ನೋಡಿ

ಮಕ್ಕಳಿಗೆ ನುಡಿಗಟ್ಟು ಮತ್ತು ಗಾದೆಯ ವ್ಯತ್ಯಾಸ ಹೇಳಿಕೊಡುವ ಪಾಲಕರು, ಶಿಕ್ಷಕರು ‘ಕೈ’ ಎಂಬ ಒಂದೇ ಪದ ಬರುವ ಎರಡು ಮಾತುಗಳಿಂದ ಆರಂಭಿಸಬಹುದು.

ನಮ್ಮ ರಾಯಚೂರು ಭಾಗದಲ್ಲಿ ಕಾಲುವೆಯ ಕೊನೆಯ ಹೊಲದವರು ‘ಈ ಸಲ ನೀರು ಕೈಕೊಟ್ಟಿತು’ ಎನ್ನುತ್ತಾರೆ. ಇದೇ ಮಾತು ‘ಮಳೆ ಕೈಕೊಡುತ್ತದೆ’, ‘ಗೆಳೆಯರು ಕೈಕೊಟ್ಟರು’ ಎಂದು ಕಾಲಕ್ಕೂ ಕರ್ತೃವಿಗೂ ತಕ್ಕಂತೆ ರೂಪ ಬದಲಿಸುತ್ತದೆ. ಬರೀ ‘ಕೈಕೊಡು’ ಎಂದರೆ ಯಾರು, ಯಾವಾಗ ಎಂಬುದು ತಿಳಿಯುವುದಿಲ್ಲ. ವಾಕ್ಯದೊಳಗೆ ಹೀಗೆ ಬೆರೆತು, ಪದಗಳ ನೇರ ಅರ್ಥವನ್ನು ಬಿಟ್ಟು ಬೇರೆ ಅರ್ಥ ಕೊಡುವುದು ನುಡಿಗಟ್ಟು.

‘ಕೈ ಕೆಸರಾದರೆ ಬಾಯಿ ಮೊಸರು’ ಎಂಬುದನ್ನು ‘ನಿನ್ನೆ ಅವನ ಕೈ ಕೆಸರಾಗಿತ್ತು, ಬಾಯಿ ಮೊಸರಾಯಿತು’ ಎಂದು ತಿದ್ದಿದರೆ ಮಕ್ಕಳೇ ನಗುತ್ತಾರೆ. ತಾನೇ ಒಂದು ಪೂರ್ಣ ಮಾತಾಗಿ ನಿಲ್ಲುವ ಗಾದೆ ಇಂತಹ ತಿದ್ದುಪಡಿಯನ್ನು ಒಪ್ಪುವುದಿಲ್ಲ.

ತೊಡಕಾಗುವುದು ‘ಅಂತೆ’ ಎಂದು ಮುಗಿಯುವ ಮಾತುಗಳಲ್ಲಿ. ‘ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ’ ಎಂಬುದನ್ನು ಗಾದೆಯೆಂದೇ ಕಲಿಸುತ್ತೇವೆ. ಆದರೆ ಮನೆಯಲ್ಲಿ ‘ನಿನ್ನ ದುಡಿಮೆ ಹೊಳ್ಯಾಗ ಹುಣಸಿಹಣ್ಣು ತೊಳದಂಗಾತು’ ಎನ್ನುವಾಗ ಅದು ನುಡಿಗಟ್ಟಿನಂತೆಯೇ ವಾಕ್ಯಕ್ಕೆ ಹೊಂದಿಕೊಳ್ಳುತ್ತದೆ. ಇಂತಹ ಗಡಿಯ ಮಾತುಗಳನ್ನು ಮೊದಲ ಪಾಠದಲ್ಲಿ ತರದಿರುವುದೇ ಲೇಸೆಂದು ನನ್ನ ಅಭಿಪ್ರಾಯ.