ಹತ್ತು ರೂಪಾಯಿ ಟೇಪಲ್ಲಿ ಸಿಕ್ಕಿದ ಪಿನ್‌ವರ್ಮ್

ಶಿಡ್ಲಘಟ್ಟದಲ್ಲಿ ನನ್ನದೊಂದು ಸಣ್ಣ ಲ್ಯಾಬ್ ಇದೆ. ಪಿನ್‌ವರ್ಮ್ ಅನ್ನೋ ಕರುಳಿನ ಹುಳದ ಮೊಟ್ಟೆಯನ್ನು ಟೇಪಿಗೆ ಅಂಟಿಸಿ ಹುಡುಕುವ ಟೇಪ್ ಟೆಸ್ಟ್ ಶುರು ಮಾಡಿದಾಗ ನಮ್ಮ ಲೈನಿನವರೇ ನಕ್ಕಿದ್ದರು. ‘ಸ್ಟೇಷನರಿ ಅಂಗಡಿ ಟೇಪಲ್ಲಿ ಹುಳ ಹಿಡೀತಾನಂತೆ’ ಅಂತ. ಈಗ ಅವರೇ ಫೋನ್ ಮಾಡಿ ಕೇಳುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಕೇಸು ರೇಷ್ಮೆ ನೂಲು ತೆಗೆಯುವವರ ಮನೆಯದು. ಆರು ವರ್ಷದ ಹುಡುಗಿ, ರಾತ್ರಿಯೆಲ್ಲ ಕೆರೆದುಕೊಂಡು ನಿದ್ದೆ ಇಲ್ಲ. ‘ಬೆಲ್ಲ ಜಾಸ್ತಿ ತಿಂತಾಳೆ, ಅದಕ್ಕೇ ಜಂತು’ ಅಂತ ಅಜ್ಜಿಯ ವಾದ. ಮೂರು ಸಲ ಮೋಷನ್ ಟೆಸ್ಟ್ ಮಾಡಿದೆ, ಮೂರೂ ನೆಗೆಟಿವ್. ಸುಮಾರು ಇನ್ನೂರೈವತ್ತು ರೂಪಾಯಿ ಖರ್ಚಾಯಿತು. ಹುಡುಗಿಯ ಅಪ್ಪ ನನ್ನ ಮುಖ ನೋಡಿದ ರೀತಿ ಈಗಲೂ ನೆನಪಿದೆ. ತಪ್ಪು ನನ್ನದೇ. ಈ ಹುಳ ಕರುಳೊಳಗೆ ಮೊಟ್ಟೆ ಇಡೋದೇ ಕಡಿಮೆ. ಹೆಣ್ಣು ಹುಳ ರಾತ್ರಿ ಹೊರಗೆ ಬಂದು ಗುದದ ಸುತ್ತಲ ಚರ್ಮದ ಮೇಲೆ ಇಡುತ್ತದೆ. ಮೋಷನ್‌ನಲ್ಲಿ ಎಷ್ಟು ಹುಡುಕಿದರೂ ನೂರಕ್ಕೆ ಹತ್ತು ಕೇಸು ಸಿಕ್ಕರೆ ಪುಣ್ಯ.

ಟೇಪ್ ಶುರು ಮಾಡಿದ ಮೇಲೂ ಮೊದಲ ವಾರ ಎಲ್ಲ ಕೆಟ್ಟಿತು. ನಾನು ತಂದದ್ದು ಬರೆಯಲು ಬರುವ ಮಂಕು ಟೇಪು. ಮೈಕ್ರೋಸ್ಕೋಪಿನಡಿ ಇಟ್ಟರೆ ಮಂಜು ಬಿದ್ದ ನಂದಿಬೆಟ್ಟ. ಗಾಜಿನಂತೆ ಪಾರದರ್ಶಕವಾದ ಟೇಪೇ ಬೇಕು, ಹತ್ತು ರೂಪಾಯಿ ರೋಲೂ ಸಾಕು. ಎರಡನೇ ತಪ್ಪು, ಮಗುವನ್ನು ಬೆಳಿಗ್ಗೆ ಹನ್ನೊಂದಕ್ಕೆ ಲ್ಯಾಬಿಗೆ ಕರೆಸಿದ್ದು. ಅಷ್ಟೊತ್ತಿಗೆ ಸ್ನಾನ ಆಗಿ, ತೊಳೆದು, ಪೌಡರ್ ಬೇರೆ ಹಾಕಿರುತ್ತಾರೆ. ಇನ್ನೇನು ಸಿಗುತ್ತೆ?

ಈಗ ಸ್ಲೈಡನ್ನೇ ಮನೆಗೆ ಕೊಡುತ್ತೇನೆ. ಮಗು ಎದ್ದ ಕೂಡಲೇ, ಕಕ್ಕಸಿಗೆ ಹೋಗುವ ಮೊದಲೇ, ಅಮ್ಮ ಗ್ಲೌಸ್ ಹಾಕಿಕೊಂಡು ಟೇಪಿನ ಅಂಟಿನ ಬದಿಯನ್ನು ಗುದದ ಸುತ್ತ ಮೂರು ನಾಲ್ಕು ಕಡೆ ಒತ್ತಿ ತೆಗೆಯಬೇಕು. ಆಮೇಲೆ ಅಂಟು ಕೆಳಗೆ ಬರುವಂತೆ ಸ್ಲೈಡಿಗೆ ಅಂಟಿಸಬೇಕು. ಹೀಗೆ ಸತತ ಮೂರು ದಿನ. ಒಂದೇ ದಿನಕ್ಕೆ ಅರ್ಧದಷ್ಟು ಕೇಸು ತಪ್ಪಿಹೋಗುತ್ತದೆ, ಮೂರು ದಿನವಾದರೆ ನೂರಕ್ಕೆ ತೊಂಬತ್ತು ಸಿಗುತ್ತದೆ. ಕಿರುಚುವ ಮಗು ಅಲ್ಲಾಡದ ಹಾಗೆ ಮಾಡೋಕೆ ಒಂದು ಉಪಾಯ ಇದೆ, ಅದು ನನ್ನ ಹತ್ತಿರವೇ ಇರಲಿ ಬಿಡಿ.

ಗಾಳಿಗುಳ್ಳೆ ನೋಡಿ ಮೋಸ ಹೋಗಬೇಡಿ, ನಾನು ಒಂದು ರಿಪೋರ್ಟು ಹಾಗೇ ತಪ್ಪಾಗಿ ಬರೆದಿದ್ದೆ. ಗುಳ್ಳೆ ದುಂಡಗೆ, ಅಂಚು ಕಪ್ಪಗೆ ಇರುತ್ತದೆ. ಮೊಟ್ಟೆ ಉದ್ದಕ್ಕಿದ್ದು ಒಂದು ಪಕ್ಕ ಚಪ್ಪಟೆ. ಒಳಗೆ ಮರಿ ಮಡಚಿಕೊಂಡು ಕೂತಿರುವುದೂ ಕೆಲವೊಮ್ಮೆ ಕಾಣುತ್ತದೆ. ಟೇಪಿನ ಒಂದು ತುದಿ ಎತ್ತಿ ಒಂದು ಹನಿ ಜೈಲೀನ್ ಬಿಟ್ಟು ಮತ್ತೆ ಒತ್ತಿದರೆ ಗುಳ್ಳೆ ಹೋಗುತ್ತದೆ. ಆದರೆ ಬೇಗ ನೋಡಿ ಮುಗಿಸಿ, ನನ್ನ ಟೇಪಿನ ಅಂಟು ಕರಗಿ ಮಸುಕಾಗಿತ್ತು. ಬೆಳಕು ಕಡಿಮೆ ಇಡಿ, 10x ಸಾಕು.

ಆ ಹುಡುಗಿಯದು ಎರಡನೇ ದಿನವೇ ಸಿಕ್ಕಿತು, ಒಂದೇ ಸ್ಲೈಡಲ್ಲಿ ಮೂವತ್ತಕ್ಕೂ ಜಾಸ್ತಿ ಮೊಟ್ಟೆ. ‘ಆಗಸ್ಟಲ್ಲಿ ಸ್ಕೂಲಲ್ಲಿ ಮಾತ್ರೆ ಕೊಟ್ಟಿದ್ರಲ್ಲ ಸಾರ್?’ ಅಂದರು ಅವರಮ್ಮ. ಕೊಟ್ಟಿದ್ದು ನಿಜ. ಆದರೆ ಅದು ಅವಳೊಬ್ಬಳಿಗೆ, ಒಂದೇ ಸಲ. ಮನೆಯಲ್ಲಿ ಏಳು ಜನ, ಒಂದೇ ಹಾಲಿನಲ್ಲಿ ಸಾಲಾಗಿ ಮಲಗುತ್ತಾರೆ. ಸುಮ್ನೆ ಕುತೂಹಲಕ್ಕೆ ಉಳಿದವರಿಗೂ ಸ್ಲೈಡ್ ಕೊಟ್ಟೆ, ದುಡ್ಡು ತಗೊಳ್ಳಲಿಲ್ಲ. ತಮ್ಮನಿಗೂ ಇತ್ತು, ಅಪ್ಪನಿಗೂ ಇತ್ತು. ಬೆಲ್ಲದ ವಾದ ಮಾಡಿದ ಅಜ್ಜಿಗೂ ಇತ್ತು! ಅಪ್ಪನಿಗಾಗಲಿ ಅಜ್ಜಿಗಾಗಲಿ ತುರಿಕೆಯೇ ಇರಲಿಲ್ಲ. ಹುಡುಗಿಯ ಉಗುರಿನಡಿಯ ಕೊಳೆಯನ್ನೂ ಟೇಪಿಗೆ ಅಂಟಿಸಿ ನೋಡಿದೆ, ಅಲ್ಲೂ ಎರಡು ಮೊಟ್ಟೆ ಸಿಕ್ಕಿದವು.

ಇಟ್ಟ ನಾಲ್ಕಾರು ಗಂಟೆಯಲ್ಲೇ ಮೊಟ್ಟೆ ಸೋಂಕು ಹರಡಲು ತಯಾರಾಗುತ್ತದೆ. ಬಟ್ಟೆ, ಹಾಸಿಗೆಯಲ್ಲಿ ಎರಡು ಮೂರು ವಾರ ಬದುಕುತ್ತದೆ. ಮಾತ್ರೆ ಹುಳವನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ. ಮಗಳೊಬ್ಬಳಿಗೆ ಕೊಟ್ಟರೆ ಅಜ್ಜಿಯ ಹೊದಿಕೆಯಿಂದಲೇ ವಾಪಸ್ ಬರುತ್ತದೆ ಅಲ್ವಾ? ಡಾಕ್ಟರು ಎಲ್ಲರಿಗೂ ಒಂದೇ ರಾತ್ರಿ ಆಲ್ಬೆಂಡಜೋಲ್ 400 ಮಿಲಿಗ್ರಾಂ ಬರೆದರು. ಒಂದೂವರೆ ವರ್ಷದ ಕೂಸಿಗೆ ಅರ್ಧ. ಎರಡು ವಾರ ಬಿಟ್ಟು ಇನ್ನೊಂದು ಡೋಸ್, ಅಷ್ಟರಲ್ಲಿ ಒಡೆದ ಮರಿಗಳಿಗೆ. ಬಸುರಿ ಚಿಕ್ಕಮ್ಮನಿಗೆ ಮಾತ್ರ ಮಾತ್ರೆ ಬೇಡ ಅಂದರು. ಆಕೆ ಉಗುರು ಕತ್ತರಿಸಿ, ದಿನಾ ಬೆಳಿಗ್ಗೆ ಎದ್ದ ಕೂಡಲೇ ಸ್ನಾನ ಮಾಡಿ ಒಳಬಟ್ಟೆ ಬದಲಿಸಬೇಕು. ಮಾತ್ರೆ ಕೊಟ್ಟ ಮರುದಿನ ಹಾಸಿಗೆ ಬಟ್ಟೆಯನ್ನೆಲ್ಲ ಬಿಸಿನೀರಲ್ಲಿ ಒಗೆದರು. ಕೊಡವಬೇಡಿ ಅಂತ ನಾನೇ ಹೇಳಿದ್ದೆ, ಕೊಡವಿದರೆ ಮೊಟ್ಟೆ ಮನೆಯೆಲ್ಲ ಹಾರುತ್ತದೆ.

ಮಾತ್ರೆಗೆ ಇಡೀ ಮನೆಗೆ ಇನ್ನೂರು ರೂಪಾಯಿಯೂ ದಾಟಲಿಲ್ಲ. ಎರಡನೇ ಡೋಸ್ ಆಗಿ ಒಂದು ತಿಂಗಳಿಗೆ ಹುಡುಗಿಗೆ ಮತ್ತೆ ಮೂರು ದಿನ ಟೇಪ್ ಹಾಕಿಸಿದೆ, ಏನೂ ಇರಲಿಲ್ಲ. ಚಿಕ್ಕಮ್ಮನದು ಇನ್ನೂ ನೋಡಿಲ್ಲ. ಹೆರಿಗೆ ಆಗಲಿ ಅಂತ ಅವರ ಹೆಸರು ಬರೆದು ಮೂರು ಸ್ಲೈಡ್ ಎತ್ತಿಟ್ಟಿದ್ದೇನೆ.