ಆಫೀಸ್ ಮೇಲ್ ನಿಂತ ಫೋನ್‌ಗಳನ್ನ ರೀಸೆಟ್ ಹೊಡೀದೆ ಸರಿ ಮಾಡಿದ್ದು: ನನ್ನ ಅನುಭವ

ಇದು ಆಂಡ್ರಾಯ್ಡ್ ಫೋನ್ ಮತ್ತೆ ಇಂಟ್ಯೂನ್ ಇರೋ ಕಂಪನಿಗಳ ವಿಷ್ಯ. ಇಂಟ್ಯೂನ್ ಅಂದ್ರೆ ಆಫೀಸ್ ಮೇಲ್ ನೋಡೋ ಫೋನ್‌ಗಳನ್ನ ಕಂಪನಿ ದೂರದಿಂದಲೇ ನಿಭಾಯಿಸೋ ಮೈಕ್ರೋಸಾಫ್ಟ್ ಸೇವೆ. ಐಫೋನ್ ನಮ್ಮಲ್ಲಿ ದೊಡ್ಡೋರ ಹತ್ರ ನಾಲ್ಕೈದು ಇದಾವೆ ಅಷ್ಟೆ, ಅದರ ಬಗ್ಗೆ ಇಲ್ಲಿ ಬರೆಯಲ್ಲ.

ನಾನು ಪೀಣ್ಯದಲ್ಲಿ ಒಂದು ಮೆಷಿನ್ ಕಂಪನೀಲಿ ಐಟಿ ನೋಡ್ಕೋತೀನಿ. ಸುಮಾರು ನೂರೆಂಬತ್ತು ಜನ ಸ್ವಂತ ಫೋನಲ್ಲೇ ಆಫೀಸ್ ಮೇಲ್ ನೋಡೋರು, ಅದ್ರಲ್ಲಿ ಅರ್ಧಕ್ಕರ್ಧ ಸರ್ವಿಸ್ ಇಂಜಿನಿಯರ್‌ಗಳು, ಆಫೀಸಿಗೆ ಬರೋದೇ ಅಪರೂಪ. ಎಲ್ಲಾ ಹಳೇ ಡಿವೈಸ್ ಅಡ್ಮಿನಿಸ್ಟ್ರೇಟರ್ ಪದ್ಧತೀಲಿ, ಅಂದ್ರೆ ಇಡೀ ಫೋನೇ ಕಂಪನಿ ಹಿಡಿತಕ್ಕೆ ಬರೋ ಹಾಗೆ ಸೇರಿಸಿದ್ದು. ಗೂಗಲ್ ಸರ್ವಿಸ್ ಇರೋ ಫೋನ್‌ಗಳಿಗೆ ಇಂಟ್ಯೂನಲ್ಲಿ ಅದರ ಸಪೋರ್ಟ್ 2024ರ ಡಿಸೆಂಬರ್ 31ಕ್ಕೇ ಮುಗೀತು ಅಂತ ನಿಮಗೂ ಗೊತ್ತು, ನಮ್ ಹೆಡ್ಡಾಫೀಸ್ ಸೆಕ್ಯೂರಿಟಿ ಟೀಮ್‌ಗೆ ಎಚ್ಚರ ಆಗಿದ್ದು ಮಾತ್ರ ಅದಾಗಿ ಎಷ್ಟೋ ತಿಂಗಳ ಮೇಲೆ. ಒಂದು ಶನಿವಾರ ಸುತ್ತೋಲೆ ಹಾಕಿದ್ರು, ಇನ್ಮೇಲೆ ವರ್ಕ್ ಪ್ರೊಫೈಲ್, ಅಂದ್ರೆ ಫೋನೊಳಗೆ ಆಫೀಸ್ ಆ್ಯಪ್‌ಗಳಿಗೇ ಬೇರೆ ಕೋಣೆ, ಕಡ್ಡಾಯ, ಕಂಪನಿ ಷರತ್ತೆಲ್ಲಾ ಪಾಲಿಸಿ ಕಂಪ್ಲಯೆಂಟ್ ಅಂತ ಗುರುತು ಬೀಳದೇ ಇರೋ ಫೋನ್‌ಗೆ ಮೇಲ್ ಇಲ್ಲ. ಸರಿ ಮಾಡ್ಕೊಳ್ಳೋಕೆ ಗ್ರೇಸ್ ಪೀರಿಯಡ್ ಸೊನ್ನೆ ದಿನ. ಸೋಮವಾರ ಬೆಳಗ್ಗೆ ಕಾಲ್ ಮೇಲೆ ಕಾಲ್ ಬಂದು ನನ್ನ ಫೋನ್ ಚಾರ್ಜ್ ಹನ್ನೊಂದು ಗಂಟೆಗೆ ಖಾಲಿ.

ಎಲ್ರೂ ಕೊಟ್ಟ ಸಲಹೆ ಒಂದೇ, ಫ್ಯಾಕ್ಟರಿ ರೀಸೆಟ್ ಹೊಡೀರಿ. ಬೇರೆ ಕಂಪನೀಲಿ ಇದೇ ಕೆಲಸ ಮಾಡೋ ಗೆಳೆಯರೂ ಅದನ್ನೇ ಅಂದ್ರು, ಲಾಗ್ ನೋಡ್ಕೊಂಡು ಕೂತ್ರೆ ವರ್ಷ ಆಗುತ್ತೆ ಗುರು ಅಂತ ನಕ್ಕಿದ್ರು. ಇನ್ನೊಂದು ಕಡೆ ಅಡ್ಮಿನ್‌ನೋರು ವೆಂಡರ್ ಹತ್ರ ಕೊಟೇಷನ್ ತರಿಸಿಬಿಟ್ಟಿದ್ರು, ನಲವತ್ತು ಕಂಪನಿ ಫೋನ್, ಒಂದಕ್ಕೆ ಹನ್ನೆರಡು ಸಾವಿರದ ಹತ್ರ, ಐದು ಲಕ್ಷಕ್ಕೆ ಸ್ವಲ್ಪ ಕಮ್ಮಿ. ಇಬ್ರು ಹುಡುಗರು ಕಾಯೋಕಾಗ್ದೆ ಇಎಂಐಲಿ ಹೊಸ ಫೋನೇ ತಗೊಂಡ್ರು. ಹೊಸ ಫೋನಲ್ಲೂ ಮೇಲ್ ಬರ್ಲಿಲ್ಲ! ಅಲ್ಲಿಗೆ ಫೋನಿನ ವಯಸ್ಸಿಗೂ ಇದಕ್ಕೂ ಸಂಬಂಧ ಇಲ್ಲ ಅಂತ ನನಗೆ ಖಾತ್ರಿ ಆಯ್ತು.

ಆಮೇಲೆ ಜನರ ಫೋನ್ ಕೈಗೆ ತಗೊಳ್ಳೋದನ್ನೇ ಬಿಟ್ಟೆ. ಕಾಲ್ ಬಂದ್ರೆ ಮೊದಲು ಎಂಟ್ರಾ, ಅಂದ್ರೆ ಮೈಕ್ರೋಸಾಫ್ಟಿನ ಲಾಗಿನ್ ವ್ಯವಸ್ಥೆ, ಅದರ ಸೈನ್-ಇನ್ ಲಾಗಲ್ಲಿ ಆ ಮನುಷ್ಯನ ಫೇಲಾದ ಸಾಲು ತೆಗ್ದು `Device info` ಟ್ಯಾಬ್ ನೋಡೋದು. ಅಲ್ಲಿ ಫೋನಿನ ನೋಂದಣಿ ಗುರುತಾದ `Device ID` ಖಾಲಿನಾ ತುಂಬಿದ್ಯಾ, ತುಂಬಿದ್ರೆ `Compliant` ಎದುರಿಗೆ ಏನಿದೆ, ಇಷ್ಟೇ. ಫೋನ್ ಪರದೆ ಮೇಲೆ ಬರೋ ಮೆಸೇಜ್ ಹಿಡ್ಕೊಂಡು ಹೋದ್ರೆ ದಾರಿ ತಪ್ಪುತ್ತೆ, ಯಾಕಂದ್ರೆ ಬೇರೆ ಬೇರೆ ಕಾಯಿಲೆಗೂ ಅದು ಹೆಚ್ಚೂಕಮ್ಮಿ ಒಂದೇ ಮಾತು ಹೇಳುತ್ತೆ.

ಐಡಿ ಖಾಲಿ ಇದ್ದೋರೇ ಅರ್ಧಕ್ಕಿಂತ ಜಾಸ್ತಿ. ಇವ್ರು ಫೋನನ್ನ ಇಂಟ್ಯೂನ್‌ಗೆ ಸೇರಿಸೋ ಕಂಪನಿ ಪೋರ್ಟಲ್ ಆ್ಯಪ್ ಹಾಕಿ, ವರ್ಕ್ ಪ್ರೊಫೈಲ್ ಮಾಡಿ, ಎಲ್ಲಾ ಸರಿಯಾಗೇ ಮುಗ್ಸಿದ್ದಾರೆ, ಆದ್ರೆ ಹೋಮ್ ಸ್ಕ್ರೀನಲ್ಲಿ ವರ್ಷಗಳಿಂದ ಇದ್ದ ಹಳೇ ಔಟ್‌ಲುಕ್‌ನೇ ಒತ್ತುತಾ ಇದ್ದಾರೆ. ಅದು ಪರ್ಸನಲ್ ಕಡೆ ಇರೋದು, ವರ್ಕ್ ಪ್ರೊಫೈಲಲ್ಲಿ ಆಗಿರೋ ನೋಂದಣಿ ಅದಕ್ಕೆ ಕಾಣಲ್ಲ, ಹಾಗಾಗಿ ಸರ್ವರ್‌ಗೆ ಐಡಿ ಇಲ್ದೆ ಹೋಗಿ ಏಟು ತಿಂದು ಬರುತ್ತೆ. ವರ್ಕ್ ಪ್ರೊಫೈಲ್ ಆ್ಯಪ್‌ಗಳ ಮೇಲೆ ಸಣ್ಣ ಸೂಟ್‌ಕೇಸ್ ಚಿತ್ರ ಇರುತ್ತೆ. ಸೂಟ್‌ಕೇಸ್ ಗುರುತಿರೋ ಔಟ್‌ಲುಕ್ ಒತ್ತಿ ಸಾರ್, ಇನ್ನೊಂದನ್ನ ತೆಗ್ದುಹಾಕಿ ಅಂದ್ರೆ ಎರಡು ನಿಮಿಷದಲ್ಲಿ ಕಥೆ ಮುಗೀತು. ಜಿಮೇಲ್ ಆ್ಯಪ್‌ಗೆ ಆಫೀಸ್ ಅಕೌಂಟ್ ಸೇರಿಸ್ಕೊಂಡಿದ್ದೋರದ್ದೂ ಇದೇ ಕಥೆ. ಹೊಸ ಫೋನ್ ತಗೊಂಡ ಆ ಇಬ್ಬರದ್ದೂ ಇದೇ ಆಗಿತ್ತು, ಅದನ್ನ ಹೇಳೋಕೆ ನನಗೇ ಬೇಜಾರಾಯ್ತು.

ನಿಜವಾದ ತಲೆನೋವು ಎರಡನೇ ಗುಂಪು. ಐಡಿ ಇದೆ, `Compliant` ಎದುರಿಗೆ `No`, ಎರರ್ 53000, ಅಂದ್ರೆ ಫೋನ್ ಕಂಪ್ಲಯೆಂಟ್ ಅಲ್ಲ ಅಂತ. ಇದ್ರಲ್ಲಿ ಒಂದು ಕೇಸ್ ಪೂರ್ತಿ ಹೇಳ್ತೀನಿ, ಉಳಿದಿದ್ದೆಲ್ಲಾ ಇದರ ತುಂಡುಗಳೇ.

ವೈಟ್‌ಫೀಲ್ಡ್ ಕಡೆ ಒಂದು ಫ್ಯಾಕ್ಟರೀಲಿ ನಮ್ ಸರ್ವಿಸ್ ಇಂಜಿನಿಯರ್ ಒಬ್ರು ಇದಾರೆ, ಐವತ್ತು ದಾಟಿದೆ, ಎಲ್ರೂ ಗೌಡ್ರೇ ಅಂತಾರೆ. ಅವ್ರ ಫೋನಲ್ಲಿ ವರ್ಕ್ ಪ್ರೊಫೈಲ್ ಮಾಡೋಕೇ ಆಗ್ತಿರ್ಲಿಲ್ಲ, ಅರ್ಧಕ್ಕೆ ಹೋಗಿ ವಾಪಸ್ ಬರೋದು. ಲಾಗಲ್ಲಿ ಕಾಣ್ತಿದ್ದ ಐಡಿ ಹಳೇ ಅಡ್ಮಿನಿಸ್ಟ್ರೇಟರ್ ನೋಂದಣೀದು. ಅಂಗಡೀಲಿ ಯಾರೋ ಸಾಫ್ಟ್‌ವೇರ್ ಹೊಡೀತೀನಿ ಎಂಟುನೂರು ಕೊಡಿ ಅಂದಿದ್ರಂತೆ. ಗೌಡ್ರೇ ಮುಟ್ಟಿಸ್ಬೇಡಿ, ನಾನೇ ಬರ್ತೀನಿ ಅಂತ ಲ್ಯಾಪ್‌ಟಾಪ್ ಎತ್ಕೊಂಡು ಹಸಿರು ಲೈನಲ್ಲಿ ಮೆಜೆಸ್ಟಿಕ್, ಅಲ್ಲಿಂದ ನೇರಳೆ ಲೈನ್, ಅರ್ಧ ದಿನ ಅದಕ್ಕೇ ಹೋಯ್ತು.

ಫೋನಲ್ಲಿ USB debugging ಆನ್ ಮಾಡಿ, ಕೇಬಲ್ ಹಾಕಿ, ಒಳಗೆ ಯಾವ್ಯಾವ ಯೂಸರ್ ಇದಾರೆ ನೋಡೋಕೆ ಲ್ಯಾಪ್‌ಟಾಪಿಂದ ಇದನ್ನ ಕೊಟ್ಟೆ:

```
adb shell pm list users
```

0, 10, 999 ಅಂತ ಮೂರು ಸಾಲು ಬಂತು. 0 ಮಾಲೀಕ. 999 ಅಂದ್ರೆ ಅವ್ರ ಫೋನಿನ ಡ್ಯುಯಲ್ ಆ್ಯಪ್, ಎರಡನೇ ವಾಟ್ಸಾಪ್ ಅದ್ರಲ್ಲಿತ್ತು. 10 ಯಾವುದು? ನಾವು ಇನ್ನೂ ಪ್ರೊಫೈಲ್ ಮಾಡೇ ಇಲ್ವಲ್ಲ. ಕೇಳಿದ್ರೆ ಮಗ ಯಾವತ್ತೋ ಆ್ಯಪ್ ಬಚ್ಚಿಡೋ ಆ್ಯಪ್ ಒಂದು ಹಾಕಿದ್ನಂತೆ. ಆ ಜಾತಿ ಆ್ಯಪ್‌ಗಳಲ್ಲಿ ಕೆಲವು ಒಳಗಡೆ ವರ್ಕ್ ಪ್ರೊಫೈಲ್‌ನೇ ಬಳಸೋದು, ಒಂದು ಫೋನಿಗೆ ವರ್ಕ್ ಪ್ರೊಫೈಲ್ ಒಂದೇ. ಜಾಗ ಆಗ್ಲೇ ಭರ್ತಿ, ಇಂಟ್ಯೂನ್ ಬಂದು ಎಲ್ಲಿ ಕೂರ್ಬೇಕು? ಕ್ಲೈಂಟ್ ಕಂಪನಿ ಪ್ರೊಫೈಲ್ ಆಗ್ಲೇ ಹಾಕ್ಕೊಂಡಿರೋ ಕಾಂಟ್ರ್ಯಾಕ್ಟ್ ಹುಡುಗರಿಗೂ ಇದೇ ಗೋಳು, ಅವ್ರಿಗೆ ಎರಡರಲ್ಲಿ ಒಂದು ಬಿಡೋದು ಬಿಟ್ರೆ ಬೇರೆ ದಾರಿ ಇಲ್ಲ.

ಸೆಟ್ಟಿಂಗ್ಸಲ್ಲಿ ವರ್ಕ್ ಪ್ರೊಫೈಲ್ ತೆಗೆಯೋ ಆಯ್ಕೆ ಆ ಫೋನಲ್ಲಿ ಕಾಣಲೇ ಇಲ್ಲ, ಒಳಗೆ ಬೇಕಾದ್ದು ಏನೂ ಇಲ್ಲ ಅಂತ ಮಗನಿಗೆ ಫೋನ್ ಮಾಡಿ ಕೇಳ್ಕೊಂಡು ತೆಗ್ದೆ:

```
adb shell pm remove-user 10
```

ನಂಬರ್ ನೋಡ್ಕೊಂಡು ಹೊಡೀರಿ, ಅದರೊಳಗಿದ್ದ ಡೇಟಾ ಎಲ್ಲಾ ಹೋಗುತ್ತೆ. ಮತ್ತೆ ವರ್ಕ್ ಪ್ರೊಫೈಲ್ ಟ್ರೈ ಮಾಡಿದ್ರೆ ಇನ್ನೂ ಅರ್ಧಕ್ಕೇ ವಾಪಸ್ ಬರ್ತಿದೆ. ಡ್ಯುಯಲ್ ಆ್ಯಪೂ ಹೋಗ್ಬೇಕು ಅನ್ನಿಸ್ತು, ಅಲ್ಲಿ ಗೌಡ್ರು ಹಟ ಹಿಡಿದ್ರು, ಕಸ್ಟಮರ್‌ಗಳೆಲ್ಲಾ ಆ ನಂಬರಲ್ಲೇ ಇದಾರೆ ಅಂತ. ವಾಟ್ಸಾಪಲ್ಲಿ 2023ರಿಂದ ಒಂದೇ ಆ್ಯಪಲ್ಲಿ ಎರಡು ಅಕೌಂಟ್ ಇಟ್ಕೋಬಹುದಲ್ಲ, ಮುಖ್ಯವಾದ ಚಾಟ್‌ಗಳನ್ನ ಎಕ್ಸ್‌ಪೋರ್ಟ್ ಮಾಡಿ ಮೇಲ್‌ಗೆ ಕಳ್ಸಿ, ಡ್ಯುಯಲ್ ಆ್ಯಪ್ ತೆಗ್ದು, ಎರಡನೇ ನಂಬರನ್ನ ಮೊದಲನೇ ವಾಟ್ಸಾಪ್ ಒಳಗೇ ಸೇರಿಸಿಕೊಟ್ಟೆ. ಅದಕ್ಕೇ ಮುಕ್ಕಾಲು ಗಂಟೆ, ನಡುವೆ ಎರಡು ಸಲ ಟೀ.

ಇದಾದ್ಮೇಲೆ ಹಳೇ ನೋಂದಣಿ ತೊಳೆಯೋದು. ಇಲ್ಲಿ ಸರದಿ ಮುಖ್ಯ, ತುಂಬಾ ಜನ ಉಲ್ಟಾ ಮಾಡ್ತಾರೆ. ಮೊದಲು ಫೋನ್ ಕಡೆಯಿಂದ. ಕಂಪನಿ ಪೋರ್ಟಲಲ್ಲಿ ಡಿವೈಸ್ ತೆಗೀರಿ, ಡಿವೈಸ್ ಅಡ್ಮಿನ್ ಆ್ಯಪ್‌ಗಳ ಪಟ್ಟೀಲಿ ಅದರ ಟಿಕ್ ಹೋಗಿದ್ಯಾ ನೋಡಿ, ಲಾಗಿನ್ ಖಚಿತ ಮಾಡೋ ಅಥೆಂಟಿಕೇಟರ್ ಆ್ಯಪಿನ ಸೆಟ್ಟಿಂಗ್ಸ್ ಒಳಗೆ `Device registration`ಗೆ ಹೋಗಿ ನೋಂದಣಿ ರದ್ದು ಮಾಡಿ, ಆಮೇಲೆ ಪೋರ್ಟಲ್ ಅನ್‌ಇನ್‌ಸ್ಟಾಲ್. ಅಥೆಂಟಿಕೇಟರ್ ಹೆಜ್ಜೆ ಬಿಟ್ರೆ ಹಳೇ ಐಡಿ ಅಲ್ಲೇ ಕೂತಿದ್ದು ಮತ್ತೆ ಅದೇ ಸರ್ವರ್‌ಗೆ ಹೋಗುತ್ತೆ. ಪಾಸ್‌ವರ್ಡ್ ಇಲ್ದೆ ಫೋನಿಂದಲೇ ಸೈನ್-ಇನ್ ಮಾಡೋರು ಅದನ್ನ ಮತ್ತೆ ಸೆಟ್ ಮಾಡ್ಕೋಬೇಕು, ಮೊದಲೇ ಹೇಳಿಡಿ. ಇಷ್ಟೆಲ್ಲಾ ಆದ್ಮೇಲೆ ಸರ್ವರ್ ಕಡೆ, ಇಂಟ್ಯೂನಲ್ಲಿ ಮತ್ತೆ ಎಂಟ್ರಾದಲ್ಲಿ ಹಳೇ ದಾಖಲೆ ಡಿಲೀಟ್. ಉಲ್ಟಾ ಮಾಡಿದ್ರೆ ಫೋನ್ ಸತ್ತೋಗಿರೋ ಐಡಿನೇ ತೋರಿಸ್ತಾ ಇರುತ್ತೆ, ಅದಕ್ಕೇ ಜನ ಸೋತು ರೀಸೆಟ್ ಹೊಡೆಯೋದು.

ಹೊಸದಾಗಿ ಸೇರಿಸಿದ್ಮೇಲೂ `No` ಅಂತಾನೇ ಬಂತು. ಪೋರ್ಟಲ್ ತೆಗ್ದು ನೋಡಿದ್ರೆ ಕಾರಣ ಅಲ್ಲೇ ಬರ್ದಿತ್ತು, USB debugging ಆನ್ ಇದೆ. ನಮ್ ಪಾಲಿಸೀಲಿ ಅದೂ ಒಂದು ಷರತ್ತು. ಆಫ್ ಮಾಡಿ, ಸ್ಟೇಟಸ್ ಚೆಕ್ ಒತ್ತಿ, ಸುಮ್ನೆ ಕೂತೆ. ಹತ್ತು ನಿಮಿಷ ಆಗಿರ್ಬೇಕು, `Yes` ಆಯ್ತು, ಮೂರು ವಾರದ ಮೇಲ್‌ಗಳು ದಬದಬ ಇಳಿದ್ವು. ಗೌಡ್ರು ಕೇಳಿದ್ದು ಒಂದೇ ಪ್ರಶ್ನೆ, ನನ್ ಫೋಟೋ ಎಲ್ಲಾ ಕಂಪನಿಗೆ ಕಾಣ್ಸುತ್ತೇನಪ್ಪಾ? ಇಲ್ಲ, ಫೋಟೋ, ಎಸ್ಸೆಮ್ಮೆಸ್, ಕಾಲ್ ಲಿಸ್ಟ್, ಸ್ವಂತ ಆ್ಯಪ್ ಏನೂ ಕಾಣಲ್ಲ, ನಾವು ಅಳಿಸಿದ್ರೂ ಸೂಟ್‌ಕೇಸ್ ಕಡೇದು ಮಾತ್ರ ಹೋಗೋದು. ಹಳೇ ಪದ್ಧತೀಲಿ ನಾವು ಮನಸ್ಸು ಮಾಡಿದ್ರೆ ಇಡೀ ಫೋನೇ ಅಳಿಸ್ಬಹುದಿತ್ತು, ಆವಾಗ ಯಾರೂ ಕೇಳಿರ್ಲಿಲ್ಲ.

ನಡುವೆ ನನ್ನ ಒಂದು ಹುಚ್ಚು ಪ್ರಯೋಗ. ಕೆಲವ್ರು ಶುಕ್ರವಾರ ಸಂಜೆ ವರ್ಕ್ ಪ್ರೊಫೈಲ್ ಆಫ್ ಮಾಡಿ ಸೋಮವಾರ ಆನ್ ಮಾಡ್ತಾರೆ, ಅದ್ರಿಂದ ಮೇಲ್ ಹೋಗುತ್ತಾ ಅಂತ ಜಗಳ. ಡ್ರಾಯರಲ್ಲಿದ್ದ ಹಳೇ ಫೋನನ್ನ ಸೇರಿಸಿ ಪ್ರೊಫೈಲ್ ಆಫ್ ಮಾಡಿ ಚಾರ್ಜರಲ್ಲೇ ಬಿಟ್ಟೆ. ಒಂದು ವಾರ, ಎರಡು ವಾರ, ಏನೂ ಆಗ್ಲಿಲ್ಲ. ತಿಂಗಳು ದಾಟಿದ್ಮೇಲೆ ನೋಡಿದ್ರೆ ಕಂಪ್ಲಯೆಂಟ್ ಗುರುತು ಹೋಗಿತ್ತು, ಕಾರಣ `Is active`. ಫೋನ್ ಇಂಟ್ಯೂನ್‌ಗೆ ಚೆಕ್-ಇನ್ ಮಾಡದೇ ಇದ್ರೆ ಕಂಪ್ಲಯೆನ್ಸ್ ಡೀಫಾಲ್ಟಾಗಿ 30 ದಿನ ಮಾತ್ರ ನಿಲ್ಲುತ್ತೆ. ಬ್ಯಾಟರಿ ಉಳಿಸ್ತೀನಿ ಅಂತ ಫೋನ್ ತಾನೇ ಕಂಪನಿ ಪೋರ್ಟಲನ್ನ ಮಲಗಿಸಿದ್ರೂ ಇದೇ ಆಗುತ್ತೆ, ಹಾಗಾಗಿ ಈಗ ಸೇರಿಸೋವಾಗ್ಲೇ ಅದಕ್ಕೆ ಬ್ಯಾಟರಿ ನಿರ್ಬಂಧ ತೆಗ್ದುಬಿಡ್ತೀನಿ.

ಉಳಿದಿದ್ದು ಹದಿನೈದು ಇಪ್ಪತ್ತು ಫೋನ್. ಸೆಕ್ಯೂರಿಟಿ ಪ್ಯಾಚ್ ತಾರೀಖು ಪಾಲಿಸಿ ಕೇಳೋದಕ್ಕಿಂತ ಹಳೇದು, ತಯಾರಕರು ಅಪ್‌ಡೇಟ್ ನಿಲ್ಸಿದ್ದಾರೆ, ಏನು ತೊಳೆದ್ರೂ ಆ ತಾರೀಖು ಬದ್ಲಾಗಲ್ಲ. ರೀಸೆಟ್ ಹೊಡೆದ್ರೂ ಅಷ್ಟೇ, ಅದನ್ನ ಯಾಕೆ ಯಾರೂ ಹೇಳಲ್ವೋ. ಇವಕ್ಕೆ ನಾನು ಕೇಳಿದ್ದು ಆ್ಯಪ್ ಪ್ರೊಟೆಕ್ಷನ್ ಪಾಲಿಸಿ, ಅಂದ್ರೆ ಫೋನ್ ಬದಲು ಆಫೀಸ್ ಆ್ಯಪ್‌ಗೆ ಮಾತ್ರ ಬೀಗ. ಫೋನನ್ನ ಸೇರಿಸೋದೇ ಬೇಡ, ಕಂಪನಿ ಪೋರ್ಟಲ್ ಸುಮ್ನೆ ಇನ್‌ಸ್ಟಾಲ್ ಆಗಿದ್ರೆ ಸಾಕು, ಔಟ್‌ಲುಕ್‌ಗೆ ಬೇರೆ ಪಿನ್, ಒಳಗಿಂದ ಹೊರಗೆ ಕಾಪಿ ಇಲ್ಲ. ಯಾರನ್ನ ಒಳಗೆ ಬಿಡ್ಬೇಕು ಅಂತ ತೀರ್ಮಾನಿಸೋ ಎಂಟ್ರಾದ ಕಂಡೀಷನಲ್ ಆಕ್ಸೆಸಲ್ಲಿ ಈ ಗುಂಪಿಗೆ ಕಂಪ್ಲಯೆಂಟ್ ಡಿವೈಸ್ ಅಥವಾ ಆ್ಯಪ್ ಪ್ರೊಟೆಕ್ಷನ್, ಎರಡರಲ್ಲಿ ಒಂದಿದ್ರೆ ಸಾಕು ಅಂತ ಹಾಕ್ಬೇಕು. ಇದನ್ನ ಮರೆತು ಎರಡೂ ಬೇಕು ಅಂತ ಬಿಟ್ರೆ ಪ್ರಯೋಜನ ಇಲ್ಲ. ಸೆಕ್ಯೂರಿಟಿಯೋರು ಇದು ನಡೆಯಲ್ಲ ರೀ ಅಂತ ಎರಡು ವಾರ ಎಳೆದಾಡಿದ್ರು. ಕೊನೆಗೆ ಮೂರು ಜನರ ಮೇಲೆ ಟೆಸ್ಟ್ ಮಾಡಿ ತೋರಿಸಿದ್ಮೇಲೆ ಒಪ್ಪಿದ್ರು, ಆ ಕೊಟೇಷನ್ನೂ ವಾಪಸ್ ಹೋಯ್ತು. ಒಟ್ಟು ಖರ್ಚು ನನ್ನ ಮೆಟ್ರೋ, ಆಟೋ ಸೇರಿ ಎರಡೂವರೆ ಸಾವಿರ ಇರ್ಬೇಕು, ಅದರ ಬಿಲ್ ಇನ್ನೂ ಪಾಸಾಗಿಲ್ಲ ಅನ್ನೋದು ಬೇರೆ ಮಾತು.

ನೂರೆಂಬತ್ತು ಜನರಲ್ಲಿ ಯಾರ ಫೋನಿಗೆ ಹಳೇದು ಹೊಸದು ಅಂತ ಎರಡು ನೋಂದಣಿ ದಾಖಲೆ ಇದೆ ಅಂತ ಕಾಲ್ ಬರೋ ಮೊದ್ಲೇ ಹೆಂಗೆ ಹುಡುಕಿದೆ ಅಂತ ಕೇಳ್ಬೇಡಿ, ಆ ಫಿಲ್ಟರ್ ಇಂದ ಈಗ ವೀಕೆಂಡ್‌ಗೆ ಇನ್ನೊಂದು ಕಂಪನೀಲಿ ನಾಲ್ಕು ಕಾಸು ಬರ್ತಿದೆ. ನಮ್ ಕಂಪನೀಲಿ ಪಾಲಿಸಿ ಕೇಳೋ ಪ್ಯಾಚ್ ತಾರೀಖನ್ನ ಇನ್ನೂ ಹೊಸದು ಮಾಡ್ತಾರಂತೆ. ಈ ಸಲ ಬೀಳೋ ಫೋನ್‌ಗಳ ಪಟ್ಟಿ ಮೊದ್ಲೇ ಮಾಡಿ ಹೆಡ್ಡಾಫೀಸಿಗೆ ಕಳ್ಸಿದ್ದೀನಿ, ಅದ್ರಲ್ಲಿ ಸುತ್ತೋಲೆ ಹಾಕಿದ ಮ್ಯಾನೇಜರ್ ಫೋನೂ ಇದೆ.